ಸ್ಟೇ ತಂದ್ರಿ, ಸರಿ. ಅಂಚೆ ರಸೀದಿ ಎಲ್ಲಿ?

ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಕೋರ್ಟ್ ಹತ್ತಿರ ಯಾವ ಟೀ ಅಂಗಡಿಯಲ್ಲಾದ್ರೂ ಅರ್ಧ ಗಂಟೆ ಕೂತ್ಕೊಳ್ಳಿ. "ನಮಗೆ ಸ್ಟೇ ಸಿಕ್ತು" ಅನ್ನೋ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಹೇಳೋರ ಮುಖ ನೋಡಿದ್ರೆ ಕೇಸೇ ಗೆದ್ದಂಗಿರುತ್ತೆ. ನನಗಂತೂ ಆ ಖುಷಿ ನೋಡಿದ್ರೆ ಭಯ ಆಗುತ್ತೆ. ಸ್ಟೇ ಸಿಕ್ಕ ಮರುದಿನ ಏನು ಮಾಡಿದ್ರಿ ಅನ್ನೋದ್ರ ಮೇಲೇ ಅದರ ಬೆಲೆ ನಿಂತಿರೋದು.

ಒಂದು ಕೇಸು ಹೇಳ್ತೀನಿ, ಹೆಸರುಗಳು ಬೇಡ. ನಂದಿ ಬೆಟ್ಟದ ಕಡೆ 2 ಎಕರೆ 10 ಗುಂಟೆ, ತಾತನ ಕಾಲದ್ದು, ಭಾಗ ಆಗಿಲ್ಲ. ಅಪ್ಪ ತೀರ್ಕೊಂಡ ಮೇಲೆ ಪೌತಿ ಖಾತೆ ಅಣ್ಣನೊಬ್ಬನ ಹೆಸರಿಗಾಯ್ತು. ಗುಡಿಬಂಡೆಗೆ ಮದುವೆಯಾಗಿ ಹೋಗಿದ್ದ ತಂಗಿಗೆ ಗೊತ್ತಾಗಿದ್ದು ಜಮೀನಿಗೆ ಜೆಸಿಬಿ ಇಳಿದು, ಕಲ್ಲುಕಂಬ ನೆಟ್ಟ ಮೇಲೆ. ಬೆಂಗಳೂರಿನ ಪಾರ್ಟಿಯಿಂದ ಅಣ್ಣ ಅಡ್ವಾನ್ಸ್ ತಗೊಂಡಿದ್ದ. ಆಯಮ್ಮ ಭಾಗದ ದಾವಾ ಹಾಕಿ, ಜೊತೆಗೆ ಎರಡು ಅರ್ಜಿ ಕೊಟ್ಲು. ಪರಭಾರೆ ಮಾಡಬಾರದು ಅಂತ ಒಂದು, ಕಟ್ಟಡ ಕಟ್ಟಬಾರದು ಅಂತ ಇನ್ನೊಂದು.

ಜಡ್ಜ್ ನೋಡೋದು ಮೂರು ಮಾತು. ಮೇಲ್ನೋಟಕ್ಕೆ ಇವಳ ಕಡೆ ಹುರುಳಿದೆಯಾ? ತಡೆದ್ರೆ ಯಾರಿಗೆ ಕಷ್ಟ, ತಡೀದಿದ್ರೆ ಯಾರಿಗೆ ಹೆಚ್ಚು ಕಷ್ಟ? ಆಗೋ ನಷ್ಟ ದುಡ್ಡಲ್ಲಿ ತುಂಬಿಕೊಡೋ ಅಂಥದ್ದಾ? ಇಲ್ಲಿ ವಂಶವೃಕ್ಷ ಇತ್ತು, ಹಳೇ ಪಹಣಿ ಇತ್ತು, ಕಂಬದ ಫೋಟೋ ಇತ್ತು. ಅಣ್ಣನಿಗೆ ನೋಟಿಸ್ ಹೋಗೋ ಹೊತ್ತಿಗೆ ರಿಜಿಸ್ಟ್ರೇಷನ್ನೇ ಮುಗಿದುಹೋಗುತ್ತೆ ಅಂತ ಕಾರಣ ಬರೆದು, ಅವನ ಮಾತು ಕೇಳದೇ ಗುರುವಾರ ಎರಡಕ್ಕೂ ಸ್ಟೇ ಕೊಟ್ರು. ಮುಂದಿನ ವಿಚಾರಣೆ ತಾರೀಖಿನವರೆಗೆ ಮಾತ್ರ.

ಈಗ ಬರುತ್ತೆ ನೋಡಿ ಯಾರೂ ಗಮನ ಕೊಡದ ಕೆಲಸ. ಎದುರುಪಾರ್ಟಿ ಮಾತು ಕೇಳದೇ ಆದೇಶ ಪಡೆದವರು ಅರ್ಜಿ, ಅಫಿಡವಿಟ್, ದಾವಾ ಪ್ರತಿ, ದಾಖಲೆ ಎಲ್ಲಾ ಕೂಡಲೇ ಕಳಿಸಬೇಕು, ಕೈಗೆ ಕೊಡಬೇಕು ಇಲ್ಲಾ ರಿಜಿಸ್ಟರ್ಡ್ ಪೋಸ್ಟ್ ಮಾಡಬೇಕು. ಕಳಿಸಿದ್ದೀವಿ ಅಂತ ಅದೇ ದಿನ ಅಥವಾ ಮರುದಿನ ಕೋರ್ಟಿಗೆ ಅಫಿಡವಿಟ್ ಹಾಕಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆ 39ನೇ ಆದೇಶದ 3ನೇ ನಿಯಮ ಇದು. ಇದನ್ನು ಪಾಲಿಸಿಲ್ಲ ಅನ್ನೋದೊಂದನ್ನೇ ಹಿಡ್ಕೊಂಡು ಸ್ಟೇ ತೆರವು ಕೇಳೋ ವಕೀಲರು ಇದ್ದಾರೆ, ತಪ್ಪೇನಿಲ್ಲ. ನಮ್ಮ ಗುಮಾಸ್ತ ಶುಕ್ರವಾರ ಮಧ್ಯಾಹ್ನವೇ ಪೋಸ್ಟ್ ಮಾಡಿ ರಸೀದಿಯನ್ನು ಫೈಲಿಗೆ ಪಿನ್ ಮಾಡಿದ. ಅಣ್ಣ ಶನಿವಾರ ಕವರ್ ತಗೊಂಡು ಸಹಿ ಹಾಕಿದ. ಸೋಮವಾರ ಹೋಗಿ ಕ್ರಯಪತ್ರ ನೋಂದಾಯಿಸಿಬಿಟ್ಟ!

"ಸ್ಟೇ ಇದ್ದೂ ನೋಂದಣಿ ಹೆಂಗಾಯ್ತು ಸಾರ್?" ಆಯಮ್ಮ ಅಳ್ತಾ ಕೇಳಿದ್ಲು. ಸ್ಟೇ ಕಟ್ಟಿಹಾಕೋದು ದಾವಾದಲ್ಲಿ ಇರೋ ಪಾರ್ಟಿಯನ್ನ. ಸಬ್ ರಿಜಿಸ್ಟ್ರಾರ್ ಅದರಲ್ಲಿ ಪಾರ್ಟಿ ಅಲ್ಲ. ಇ.ಸಿ. ತೆಗೆಸಿದ್ರೆ ಅದರಲ್ಲಿ ನೋಂದಾಯಿತ ಪತ್ರಗಳು ಕಾಣುತ್ತವೆ, ಬರೀ ದಾವಾ ಹಾಕಿರೋದು ಕಾಣಲ್ಲ. ಕೊಂಡವನೂ ಅದನ್ನೇ ಹಿಡ್ಕೊಂಡ: ಇ.ಸಿ. ಕ್ಲೀನ್ ಇತ್ತು, ನನಗೆ ಗೊತ್ತಿರಲಿಲ್ಲ.

ಇಲ್ಲೇ ಸೂಕ್ಷ್ಮ ಇರೋದು. ಕೊಂಡವನಿಗೆ ಗೊತ್ತಿತ್ತೋ ಇಲ್ಲವೋ ಲೆಕ್ಕಕ್ಕಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ 52ನೇ ಕಲಂ ಪ್ರಕಾರ, ದಾವಾ ಸಲ್ಲಿಸಿದ ದಿನದಿಂದ ಆ ಜಮೀನನ್ನು ಕೊಂಡವನು ಕೊನೇ ತೀರ್ಪಿಗೆ ತಲೆ ಬಾಗಲೇಬೇಕು. ಕ್ರಯ ಪೂರ್ತಿ ರದ್ದಾಯ್ತು ಅಂತಲ್ಲ, ಅಣ್ಣನ ಪಾಲಿಗೆ ಎಷ್ಟು ಬರುತ್ತೋ ಅಷ್ಟಕ್ಕೆ ಅವನು ಆಸೆ ಪಡಬೇಕು. ಇದಕ್ಕೆ ಸ್ಟೇನೂ ಬೇಕಿರಲಿಲ್ಲ, ದಾವಾ ಸಾಕಿತ್ತು. ಆದ್ರೆ ಅಣ್ಣನನ್ನು ಆದೇಶ ಮುರಿದವನು ಅಂತ ಹಿಡಿಯಬೇಕಾದ್ರೆ ಅವನಿಗೆ ಆದೇಶ ಗೊತ್ತಿತ್ತು ಅಂತ ತೋರಿಸಲೇಬೇಕು. ಅದೇ 39ನೇ ಆದೇಶದ 2ಎ ನಿಯಮದ ಕೆಳಗೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು ಎಲ್ಲಾ ಇದೆ. ಅದೆಲ್ಲಾ ನಿಂತಿರೋದು ಶನಿವಾರದ ಆ ಸಹಿ ಮೇಲೆ. ಪೋಸ್ಟ್ ಮಾಡದೇ ಇದ್ದಿದ್ರೆ "ನನಗೇನೂ ತಿಳೀದು ಸ್ವಾಮಿ" ಅಂತ ಕೈಮುಗಿದು ಹೊರಗೆ ಬರ್ತಿದ್ದ.

ಕಟ್ಟಡದ ಅರ್ಜಿಗೆ ಮಾತ್ರ ಸ್ಟೇ ನಿಜವಾಗ್ಲೂ ಬೇಕು. ಮಾರಿದ್ದಕ್ಕೆ 52ನೇ ಕಲಂ ಕಾಯುತ್ತೆ, ಎದ್ದು ನಿಂತ ಗೋಡೆಗೆ ಕಾಯಲ್ಲ. ಅದಕ್ಕೇ ಶೆಡ್ಯೂಲಿನಲ್ಲಿ ಚಕ್ಕುಬಂದಿ ಸರಿಯಾಗಿ ಬರೀರಿ ಅಂತ ನಾನು ಜಗಳ ಆಡೋದು. ಪೂರ್ವಕ್ಕೆ ಯಾರ ಜಮೀನು ಅನ್ನೋದು ತಪ್ಪಿದ್ರೆ, ನಾವು ಕಟ್ಟಿದ್ದು ಅಲ್ಲಲ್ಲ, ಪಕ್ಕದಲ್ಲಿ ಅಂತಾರೆ.

ಇನ್ನೊಂದು. ಈ ಥರ ಸ್ಟೇ ಕೊಟ್ಟ ಮೇಲೆ ಅರ್ಜಿಯನ್ನು 30 ದಿನದಲ್ಲಿ ಇತ್ಯರ್ಥ ಮಾಡಲು ಕೋರ್ಟ್ ಪ್ರಯತ್ನಿಸಬೇಕು, ಆಗದಿದ್ರೆ ಕಾರಣ ಬರೀಬೇಕು ಅಂತ 3ಎ ನಿಯಮ ಹೇಳುತ್ತೆ. ವಾಸ್ತವದಲ್ಲಿ ತಾರೀಖು ಮುಂದಕ್ಕೆ ಹೋಗ್ತಾನೇ ಇರುತ್ತೆ. ಹೋದಾಗಲೆಲ್ಲ "ಸ್ಟೇ ಮುಂದುವರಿಸಿದೆ" ಅಂತ ಆದೇಶದ ಹಾಳೆಯಲ್ಲಿ ಬಂದಿದೆಯಾ ನೋಡ್ಕೊಳ್ಳಿ. ಆಯಮ್ಮ ಈಗ ಪ್ರತಿ ತಾರೀಖಿಗೂ ಬರ್ತಾಳೆ. ಸಂಜೆ ನನ್ನ ಗುಮಾಸ್ತನಿಗೆ ಫೋನ್ ಮಾಡಿ ಕೇಳೋದು ಒಂದೇ ಮಾತು: "ಅಣ್ಣಾ, ಆ ಸಾಲು ಬರೆದ್ರಾ?"