ಕೆಳಗಿನಿಂದ ಸ್ಲ್ಯಾಬ್, ಮೇಲಿನಿಂದ ಕಡಿತ

ಗೆಳೆಯರೇ, ಆದಾಯ ತೆರಿಗೆಯ ಲೆಕ್ಕ ಎಂದ ಕೂಡಲೇ ವಾಣಿಜ್ಯ ವಿದ್ಯಾರ್ಥಿಗಳು ದರಗಳನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ನಾನು ಇಂದು ಮಾತನಾಡುವ ಬಗೆಯ ಪ್ರಶ್ನೆಗಳಿಗೆ ಅದು ಬೇಕಿಲ್ಲ. ದರ, ಮಿತಿ ಎಲ್ಲವೂ ಪ್ರಶ್ನೆಯಲ್ಲೇ ಇರುತ್ತವೆ. ಈ ವರ್ಷ ಸರ್ಕಾರ ದರ ಬದಲಿಸಿದ್ದರೂ ಪ್ರಶ್ನೆ ಹೇಳಿದ ದರವೇ ಅಂತಿಮ.

ಒಂದು ಪ್ರಶ್ನೆಯನ್ನೇ ಹಿಡಿದುಕೊಳ್ಳೋಣ. ಒಬ್ಬ ನೌಕರನ ಸಂಬಳದಿಂದ ತಿಂಗಳಿಗೆ 7,000 ರೂಪಾಯಿ ಭವಿಷ್ಯ ನಿಧಿಗೆ ಹೋಗಿ, ಕೈಗೆ 73,000 ರೂಪಾಯಿ ಸಿಗುತ್ತದೆ. ವರ್ಷಕ್ಕೆ ಜೀವ ವಿಮೆಗೆ 36,000, ಮಗಳ ಶಾಲೆಯ ಬೋಧನಾ ಶುಲ್ಕಕ್ಕೆ 50,000, ಆರೋಗ್ಯ ವಿಮೆಗೆ 18,000 ಕಟ್ಟುತ್ತಾನೆ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000. ಭವಿಷ್ಯ ನಿಧಿ, ಜೀವ ವಿಮೆ, ಬೋಧನಾ ಶುಲ್ಕಗಳಿಗೆ ಕಡಿತ ಕೊಡುವ ಕಲಂ 80ಸಿಯ ಮಿತಿ 1,50,000, ಆರೋಗ್ಯ ವಿಮೆಯ ಮಿತಿ 25,000. ದರಗಳು ಹಳೆಯ ಪದ್ಧತಿಯವು: 2,50,000ದವರೆಗೆ ತೆರಿಗೆ ಇಲ್ಲ, ಅಲ್ಲಿಂದ 5,00,000ದವರೆಗೆ ಶೇ. 5, ಅಲ್ಲಿಂದ 10,00,000ದವರೆಗೆ ಶೇ. 20, ಅದಕ್ಕೂ ಮೇಲೆ ಶೇ. 30. ತೆರಿಗೆಯ ಮೇಲೆ ಶೇ. 4 ಸೆಸ್.

ಬಲೆ ಮೊದಲ ವಾಕ್ಯದಲ್ಲೇ ಇದೆ. 73,000ವನ್ನು 12ರಿಂದ ಗುಣಿಸಿದರೆ ಭವಿಷ್ಯ ನಿಧಿಯ ಹಣ ಆಗಲೇ ಹೊರಗೆ ಹೋಗಿರುತ್ತದೆ. ಮುಂದೆ 80ಸಿಯಲ್ಲಿ ಅದನ್ನೇ ಮತ್ತೊಮ್ಮೆ ಕಳೆಯುತ್ತೀರಿ. ಆದಾಯವೆಂದರೆ ಕಡಿತಕ್ಕೆ ಮೊದಲಿನದು. ಹಾಗಾಗಿ ತಿಂಗಳಿಗೆ 80,000, ವರ್ಷಕ್ಕೆ 9,60,000.

80ಸಿಗೆ ಭವಿಷ್ಯ ನಿಧಿ 84,000, ವಿಮೆ 36,000, ಶುಲ್ಕ 50,000 ಸೇರಿ 1,70,000 ಆಗುತ್ತದೆ. ಮಿತಿ 1,50,000 ಇರುವುದರಿಂದ ಉಳಿದ 20,000ಕ್ಕೆ ಲೆಕ್ಕದಲ್ಲಿ ಜಾಗವಿಲ್ಲ. ಆರೋಗ್ಯ ವಿಮೆಯಲ್ಲಿ ಇದಕ್ಕೆ ಉಲ್ಟಾ: ಮಿತಿ 25,000 ಇದ್ದರೂ ಕಟ್ಟಿದ್ದು 18,000 ಮಾತ್ರ, ಸಿಗುವುದೂ ಅಷ್ಟೇ. ಕಟ್ಟಿದ್ದು, ಮಿತಿ, ಇವೆರಡರಲ್ಲಿ ಕಡಿಮೆಯದನ್ನು ಬರೆಯಿರಿ. ಒಟ್ಟು ಕಡಿತ 50,000, 1,50,000 ಮತ್ತು 18,000 ಸೇರಿ 2,18,000. ತೆರಿಗೆಗೆ ಒಳಪಡುವ ಆದಾಯ 7,42,000.

ಈಗ ಸ್ಲ್ಯಾಬ್. 7,42,000 ಶೇ. 20ರ ಸಾಲಿನಲ್ಲಿ ಬರುತ್ತದೆಂದು ಇಡೀ ಮೊತ್ತಕ್ಕೆ ಶೇ. 20 ಹಾಕಿ 1,48,400 ಎಂದು ಬರೆಯುವವರೇ ಹೆಚ್ಚು. ಆ ರೀತಿ ಸರಿಯಾಗಿದ್ದರೆ ಏನಾಗುತ್ತಿತ್ತು, ನೋಡಿ. ಸರಿಯಾಗಿ 10,00,000 ಗಳಿಸಿದವನಿಗೆ ತೆರಿಗೆ 2,00,000. ಅವನಿಗಿಂತ ನೂರು ರೂಪಾಯಿ ಹೆಚ್ಚು ಗಳಿಸಿದವನಿಗೆ ಶೇ. 30ರಂತೆ 3,00,030. ಆಮೇಲೆ ಸಂಬಳ ಏರಿಸಿ ಎಂದು ಯಾರು ಕೇಳುತ್ತಾರೆ? ಸ್ಲ್ಯಾಬಿನ ದರ ಆ ತುಂಡಿಗೆ ಮಾತ್ರ. ಮೊದಲ 2,50,000ಕ್ಕೆ ಸೊನ್ನೆ, ಮುಂದಿನ 2,50,000ಕ್ಕೆ 12,500, ಉಳಿದ 2,42,000ಕ್ಕೆ 48,400. ಒಟ್ಟು 60,900.

ಇನ್ನು ಕೆಲವರು ತೆರಿಗೆ ಇಲ್ಲದ 2,50,000ವನ್ನು ಕಡಿತವೆಂದು ಭಾವಿಸಿ 4,92,000ಕ್ಕೆ ಇಳಿಸುತ್ತಾರೆ, ಆಮೇಲೆ ಸ್ಲ್ಯಾಬನ್ನು ಮತ್ತೆ ಸೊನ್ನೆಯಿಂದ ಆರಂಭಿಸುತ್ತಾರೆ. ಉತ್ತರ 12,100. ಒಂದೇ ವಿನಾಯಿತಿಯನ್ನು ಎರಡು ಸಲ ಉಂಡಂತಾಯಿತು.

ಬಂದ ಉತ್ತರವನ್ನು ಪರೀಕ್ಷಿಸಲು ಒಂದು ದಾರಿ ಇದೆ, ನನಗೆ ಬಲು ಇಷ್ಟವಾದದ್ದು. ಸ್ಲ್ಯಾಬ್ ಕೆಳಗಿನಿಂದ ತುಂಬುತ್ತದೆ, ಕಡಿತ ಮೇಲಿನಿಂದ ಕತ್ತರಿಸುತ್ತದೆ. ಕಡಿತವೇ ಇಲ್ಲದಿದ್ದರೆ 9,60,000ಕ್ಕೆ ತೆರಿಗೆ 12,500 ಮತ್ತು 92,000, ಅಂದರೆ 1,04,500. ಮೇಲಿನಿಂದ ಕತ್ತರಿಸಿದ 2,18,000 ಪೂರ್ತಿಯಾಗಿ ಶೇ. 20ರ ತುಂಡಿನಲ್ಲೇ ಇದೆ. ಅದರಿಂದ ಉಳಿತಾಯವಾದ ತೆರಿಗೆ 43,600. ಕಳೆದರೆ 60,900. ಎರಡು ದಾರಿಯೂ ಒಂದೇ ಕಡೆ ಸೇರಿದವು. ಇದೇ ನೌಕರನ ಸಂಬಳ 11,00,000 ಆಗಿದ್ದರೆ, ಅದೇ 2,18,000ದಲ್ಲಿ ಮೊದಲ 1,00,000 ಶೇ. 30ರಂತೆ 30,000ವನ್ನು, ಉಳಿದ 1,18,000 ಶೇ. 20ರಂತೆ 23,600ನ್ನು ಉಳಿಸುತ್ತಿತ್ತು. ಕಡಿತ ಅಷ್ಟೇ, ಉಳಿತಾಯ ಮಾತ್ರ 53,600. ಕಡಿತವನ್ನು ಆದಾಯದಿಂದ ಕಳೆಯುವುದಕ್ಕೂ ತೆರಿಗೆಯಿಂದಲೇ ಕಳೆಯುವುದಕ್ಕೂ ಇರುವ ದೂರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸೆಸ್ ತೆರಿಗೆಯ ಮೇಲೆ, ಆದಾಯದ ಮೇಲಲ್ಲ. 60,900ಕ್ಕೆ ಶೇ. 4 ಎಂದರೆ 2,436, ಕಟ್ಟಬೇಕಾದದ್ದು 63,336. ಹತ್ತರ ಹತ್ತಿರಕ್ಕೆ ಸರಿಹೊಂದಿಸಿ ಎಂದು ಪ್ರಶ್ನೆ ಹೇಳಿದ್ದರೆ 63,340.

ಸಂಬಳ ಏರಿದರೆ ನಷ್ಟ ಎಂಬ ಭಯವನ್ನು ಆಗ ತಳ್ಳಿಹಾಕಿದೆನಲ್ಲ, ಅದು ನಿಜವಾಗುವ ಒಂದು ಜಾಗ ಹಳೆಯ ಪದ್ಧತಿಯಲ್ಲಿದೆ. ತೆರಿಗೆಗೆ ಒಳಪಡುವ ಆದಾಯ 5,00,000 ಮೀರದಿದ್ದರೆ ಕಲಂ 87ಎ ಪ್ರಕಾರ 12,500ರವರೆಗೆ ರಿಯಾಯಿತಿ ಸಿಗುತ್ತದೆ, ಅದೂ ತೆರಿಗೆಯಿಂದಲೇ. ಆದ್ದರಿಂದ 5,00,000ಕ್ಕೆ ತೆರಿಗೆ ಸೊನ್ನೆ. 5,01,000 ಆದರೆ ರಿಯಾಯಿತಿ ಪೂರ್ತಿ ಹೋಗಿ ಸೆಸ್‌ಗೆ ಮೊದಲೇ 12,700 ಬರುತ್ತದೆ. ಪ್ರಶ್ನೆಯಲ್ಲಿ ರಿಯಾಯಿತಿಯ ಮಾತು ಇದ್ದಾಗ, 80ಸಿಯ ಮಿತಿಯನ್ನು ಮರೆತು ಹೆಚ್ಚು ಕಳೆದವರು ಈ ಗೆರೆಯ ಕೆಳಗೆ ಜಾರಿ, ಇಡೀ ತೆರಿಗೆಯನ್ನೇ ಸೊನ್ನೆ ಎಂದು ಬರೆದುಬಿಡುತ್ತಾರೆ.