ಕ್ಯೂ ಗಂಡೋ ಹೆಣ್ಣೋ?

ನಮಸ್ಕಾರ. ಹತ್ತಿರದಲ್ಲಿ ಪೆನ್ನು, ಒಂದು ಚೂರು ಕಾಗದ ಇದ್ದರೆ ಕೈಗೆ ತೆಗೆದುಕೊಳ್ಳಿ. ಎಸ್‌ಡಿಎ, ಎಫ್‌ಡಿಎ, ಬ್ಯಾಂಕ್, ರೈಲ್ವೆ ಅಂತ ಪರೀಕ್ಷೆಗೆ ಓದುತ್ತಿರುವವರಿಗೆ ರಕ್ತ ಸಂಬಂಧದ ಪ್ರಶ್ನೆಗಳು ಹೊಸದೇನಲ್ಲ. ಇವತ್ತು ಅಂಥದ್ದೊಂದನ್ನು ಹಿಡಿದು ಪೂರ್ತಿ ಬಿಡಿಸೋಣ.

ಬರೆದುಕೊಳ್ಳಿ. ಪಿ ಎಂಬುವರು ಕ್ಯೂನ ಸಹೋದರ. ಟಿ ಎಂಬುವರು ಎಸ್‌ನ ತಾಯಿ. ಆರ್ ಎಂಬುವರು ಪಿಯ ತಾಯಿ. ಯು ಎಂಬುವರು ಎಸ್‌ನ ಸಹೋದರಿ. ಆರ್‌ನ ಗಂಡ ಎಸ್. ಹಾಗಾದರೆ ಟಿಗೆ ಕ್ಯೂ ಏನಾಗಬೇಕು? ಮೊಮ್ಮಗ, ಮೊಮ್ಮಗಳು, ಅಳಿಯ, ನಿರ್ಧರಿಸಲು ಸಾಧ್ಯವಿಲ್ಲ. ಇವು ನಾಲ್ಕು ಆಯ್ಕೆ.

ಸುಮಾರು ಜನ ಮೊದಲ ವಾಕ್ಯದಿಂದಲೇ ಗೆರೆ ಎಳೆಯೋಕೆ ಶುರು ಮಾಡುತ್ತಾರೆ. ಆಮೇಲೆ ಎರಡನೇ ವಾಕ್ಯದ ಟಿ ಮತ್ತು ಎಸ್ ಎಲ್ಲಿ ಕೂರಬೇಕು ಅಂತ ತಿಳಿಯದೆ ಕಾಗದದ ಮೂಲೆಯಲ್ಲಿ ಇನ್ನೊಂದು ಚಿತ್ರ ಬರೆಯುತ್ತಾರೆ, ಕೊನೆಗೆ ಎರಡನ್ನೂ ಸೇರಿಸುವಾಗ ಎಡವುತ್ತಾರೆ. ವಾಕ್ಯಗಳನ್ನು ಕೊಟ್ಟ ಸಾಲಿನಲ್ಲೇ ಬಿಡಿಸಬೇಕು ಅಂತ ಯಾರೂ ಹೇಳಿಲ್ಲ. ಮೊದಲು ಗಂಡ ಹೆಂಡತಿ ಎಲ್ಲಿದ್ದಾರೆ ನೋಡಿ. ಇಲ್ಲಿ ಕೊನೆಯ ವಾಕ್ಯದಲ್ಲಿದ್ದಾರೆ. ಹಾಳೆಯ ಮಧ್ಯದಲ್ಲಿ ಎಸ್ ಬರೆದು ಪಕ್ಕಕ್ಕೆ ಪ್ಲಸ್ ಹಾಕಿ, ಅದು ಗಂಡು. ಆರ್ ಬರೆದು ಮೈನಸ್ ಹಾಕಿ, ಅದು ಹೆಣ್ಣು. ನಡುವೆ ಜೋಡಿ ಗೆರೆ. ಎಸ್ ಮೇಲೆ ನೇರವಾಗಿ ಒಂದು ಗೆರೆ ಎಳೆದು ಟಿ, ಮೈನಸ್. ಎಸ್‌ನ ಇನ್ನೊಂದು ಪಕ್ಕದಲ್ಲಿ ಒಂಟಿ ಗೆರೆ ಎಳೆದು ಯು, ಅದೂ ಮೈನಸ್. ಜೋಡಿಯ ಕೆಳಗೆ ಪಿ, ಪ್ಲಸ್. ಪಿಯ ಪಕ್ಕದಲ್ಲಿ ಒಂಟಿ ಗೆರೆ, ಕ್ಯೂ.

ಈಗ ಕ್ಯೂ ಪಕ್ಕ ಏನು ಹಾಕುತ್ತೀರಿ? ನೂರಕ್ಕೆ ಐವತ್ತು ಜನ ಇಲ್ಲಿ ಯೋಚನೆ ಮಾಡದೆ ಪ್ಲಸ್ ಹಾಕಿಬಿಡುತ್ತಾರೆ ಅಂತ ನನ್ನ ಅಂದಾಜು. ಸಹೋದರ ಅನ್ನೋ ಮಾತು ಕಿವಿಗೆ ಬಿತ್ತಲ್ಲ, ಇಬ್ಬರೂ ಹುಡುಗರೇ ಇರಬೇಕು ಅಂತ ಮನಸ್ಸು ತೀರ್ಮಾನ ಮಾಡಿರುತ್ತದೆ. ‘ಕ್ಯೂನ’ ಅಂತ ಓದುವಾಗ ‘ರಾಮನ’ ಅಂದ ಹಾಗೆ ಕೇಳಿಸುತ್ತದೆ ಬೇರೆ. ಆದರೆ ‘ಪಿ ಎಂಬುವರು ಕ್ಯೂನ ಸಹೋದರ’ ಅಂದಾಗ ಗೊತ್ತಾಗುವುದು ಪಿ ಗಂಡು ಅನ್ನೋದಷ್ಟೇ. ಕ್ಯೂ ಬಗ್ಗೆ ಆ ವಾಕ್ಯ ತುಟಿ ಬಿಚ್ಚಿಲ್ಲ. ಹಾಗಾಗಿ ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ಟಿಯ ಮಗ ಎಸ್, ಎಸ್‌ನ ಮಗುವೇ ಕ್ಯೂ. ಅಂದರೆ ಮೊಮ್ಮಗು, ಅಷ್ಟು ಖಚಿತ. ಮೊಮ್ಮಗನೋ ಮೊಮ್ಮಗಳೋ ಗೊತ್ತಿಲ್ಲ. ನಾಲ್ಕನೇ ಆಯ್ಕೆಯೇ ಸರಿ. ಬ್ಯಾಂಕ್ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ, ಸುಮ್ನೆ ಊಹೆ ಮಾಡಿ ಅದನ್ನು ಕಳೆದುಕೊಳ್ಳಬೇಡಿ.

ಇದೇ ಪ್ರಶ್ನೆಗೆ ಒಂದು ಸಣ್ಣ ಬಾಲ ಸೇರಿಸೋಣ. ‘ಈ ಆರು ಜನರಲ್ಲಿ ನಾಲ್ವರು ಹೆಂಗಸರು’ ಅಂತ ಶುರುವಿನಲ್ಲೇ ಕೊಟ್ಟಿದ್ದರು ಅಂದುಕೊಳ್ಳಿ. ಓದುವಾಗ ಅದು ಪೀಠಿಕೆಯ ಥರ ಕಾಣುತ್ತದೆ, ಕಣ್ಣು ಹಾರಿಹೋಗುತ್ತದೆ. ಈಗ ಚಿತ್ರದಲ್ಲಿ ಮೈನಸ್ ಎಣಿಸಿ. ಟಿ, ಆರ್, ಯು, ಮೂರೇ ಇವೆ. ನಾಲ್ಕನೆಯವರು ಕ್ಯೂ ಅಲ್ಲದೆ ಇನ್ಯಾರು? ಹಾಗಾದರೆ ಕ್ಯೂ ಮೊಮ್ಮಗಳು. ನಾಲ್ವರ ಬದಲು ಮೂವರು ಅಂತ ಇದ್ದಿದ್ದರೆ ಮೊಮ್ಮಗ. ಲೆಕ್ಕ ಕೊಟ್ಟಿದ್ದಾರೆ ಅಂದರೆ ಚಿತ್ರದಲ್ಲಿ ಎಲ್ಲೋ ಒಂದು ಪ್ರಶ್ನೆ ಚಿಹ್ನೆ ಬಿಡಿಸೋಕೆ ಅಂತಲೇ ಕೊಟ್ಟಿರುತ್ತಾರೆ.

ಗೆರೆ ಎಳೆಯುವಾಗ ಇನ್ನೊಂದು. ಒಂದು ತಲೆಮಾರಿನವರೆಲ್ಲ ಒಂದೇ ಮಟ್ಟದಲ್ಲಿ ಇರಲಿ. ನಮ್ಮ ಕಡೆ ಸೋದರಮಾವನನ್ನೇ ಮದುವೆಯಾದವರ ಮನೆಯ ಚಿತ್ರ ಬರೆಯೋಕೆ ಹೋದರೆ ಈ ಮಟ್ಟವೇ ಕಲಸಿಹೋಗುತ್ತದೆ, ಅಕ್ಕನೇ ಅತ್ತೆಯೂ ಆಗಿರುತ್ತಾಳೆ! ಇಂಥ ಪ್ರಶ್ನೆಗಳಲ್ಲಿ ಬಾಯಿಬಿಟ್ಟು ಹೇಳದ ಹೊರತು ಅಂಥ ಮದುವೆ ಇಲ್ಲ ಅಂತಲೇ ಹಿಡಿಯಬೇಕು.

ಇನ್ನು ಫೋಟೋ ತೋರಿಸುವ ಪ್ರಶ್ನೆ. ಒಬ್ಬ ಹೆಂಗಸು ಒಬ್ಬ ಹುಡುಗನ ಫೋಟೋ ತೋರಿಸಿ, ‘ಇವನ ತಾಯಿ ನನ್ನ ತಾಯಿಗೆ ಒಬ್ಬಳೇ ಮಗಳು’ ಅನ್ನುತ್ತಾಳೆ. ಇಲ್ಲಿ ‘ನನ್ನ’ ಅನ್ನೋ ಜಾಗದಿಂದ ಶುರು ಮಾಡಿ, ಫೋಟೋದ ಕಡೆಯಿಂದ ಬೇಡ. ನನ್ನ ತಾಯಿಗೆ ಒಬ್ಬಳೇ ಮಗಳು, ಹೇಳುತ್ತಿರುವವಳೂ ಹೆಂಗಸು, ಹಾಗಾದರೆ ಆ ಮಗಳು ಅವಳೇ. ಹುಡುಗ ಅವಳ ಮಗ. ಇದೇ ಮಾತನ್ನು ಒಬ್ಬ ಗಂಡಸು ಹೇಳಿದ್ದರೆ? ಆ ಒಬ್ಬಳೇ ಮಗಳು ಅವನ ಅಕ್ಕನೋ ತಂಗಿಯೋ ಆಗುತ್ತಾಳೆ, ಹುಡುಗ ಸೋದರಳಿಯ. ವಾಕ್ಯದಲ್ಲಿ ಒಂದಕ್ಷರ ಬದಲಾಗಿಲ್ಲ, ಹೇಳಿದವರು ಯಾರು ಅನ್ನೋದಷ್ಟೇ ಬದಲಾಗಿದೆ. ಅದಕ್ಕೇ ‘ಒಬ್ಬ ಹೆಂಗಸು’, ‘ಒಬ್ಬ ಗಂಡಸು’ ಅನ್ನೋ ಆ ಮೊದಲ ಎರಡು ಪದಕ್ಕೆ ಪೆನ್ನಿನಲ್ಲಿ ಒಂದು ಸುತ್ತು ಹಾಕಿಟ್ಟುಕೊಳ್ಳಿ. ನಮಸ್ಕಾರ.