ಗ್ಯಾಸ್ಕೆಟ್‌ಗೆ ಕ್ಯಾಮೆರಾ ಎಲ್ಲಿಂದ ಬಂತು? ರಿವ್ಯೂ ಪಕ್ಕದ ‘ವೆರಿಫೈಡ್’ ಗುರುತು ಹೇಳೋದೇನು

[ಸ್ಕ್ರೀನ್: ಕೈಯಲ್ಲಿ ಕುಕ್ಕರ್‌ನ ಹಳೆಯ ಗ್ಯಾಸ್ಕೆಟ್. ಒಂದು ಕಡೆ ಸೀಳಿದೆ.]

ಎರಡು ತಿಂಗಳ ಹಿಂದೆ ದಾವಣಗೆರೆಯಿಂದ ಅಕ್ಕ ಫೋನ್ ಮಾಡಿದಳು. ಮನೆಯ ಕುಕ್ಕರ್ ವಿಸಿಲ್ ಹಾಕುತ್ತಿರಲಿಲ್ಲ, ಮುಚ್ಚಳದ ಪಕ್ಕದಿಂದ ಆವಿ ಸುಯ್ ಅಂತ ಹೋಗುತ್ತಿತ್ತು. ಗ್ಯಾಸ್ಕೆಟ್ ಹೋಗಿದೆ. ಆನ್‌ಲೈನ್‌ನಲ್ಲಿ ಒಂದನ್ನು ನೋಡಿಟ್ಟಿದ್ದಳು.

"ನೋಡೋ, 4.3 ಸ್ಟಾರ್ ಇದೆ. ರಿವ್ಯೂ ಬರೆದವರೆಲ್ಲ ನಿಜವಾಗ್ಲೂ ಕೊಂಡವರೇ ಅಂತ ಗುರುತೂ ಇದೆ. ತಗೊಳ್ಳಲಾ?"

ಲಿಂಕ್ ಕಳಿಸು ಅಂದೆ. ತೆರೆದು ನಾಲ್ಕನೇ ರಿವ್ಯೂಗೆ ಬರುವಷ್ಟರಲ್ಲಿ ನಿಂತುಬಿಟ್ಟೆ.

[ಸ್ಕ್ರೀನ್: ಹೆಸರು ಮರೆಮಾಡಿದ ರಿವ್ಯೂ. "ಕ್ಯಾಮೆರಾ ಹತ್ರ ಕಟಿಂಗ್ ಸರಿಯಾಗಿದೆ, ಬಟನ್ ಒತ್ತೋಕೆ ಸುಲಭ. 5 ಸ್ಟಾರ್."]

ಕುಕ್ಕರ್ ಗ್ಯಾಸ್ಕೆಟ್‌ಗೆ ಕ್ಯಾಮೆರಾ ಎಲ್ಲಿಂದ ಬಂತು? ಕೆಳಗೆ ಹೋದಷ್ಟೂ ಅದೇ ಮಾತು. ಹೆಚ್ಚುಕಮ್ಮಿ ಎಲ್ಲವೂ ಮೊಬೈಲ್ ಕವರ್ ಬಗ್ಗೆ ಬರೆದ ರಿವ್ಯೂಗಳು. ಒಂದೊಂದರ ಪಕ್ಕದಲ್ಲೂ ವೆರಿಫೈಡ್ ಗುರುತು. ಆ ಗುರುತು ಸುಳ್ಳಲ್ಲ. ಅವರು ನಿಜವಾಗಿಯೂ ದುಡ್ಡು ಕೊಟ್ಟು ಕೊಂಡಿದ್ದಾರೆ. ಏನನ್ನು ಕೊಂಡರು ಅನ್ನೋದು ಮಾತ್ರ ಬೇರೆ.

ಇದು ಹೇಗಾಯ್ತು ಅಂತ ಆಮೇಲೆ ಹೇಳ್ತೀನಿ. ಅದಕ್ಕೆ ಮೊದಲು, ಕೊಂಡವರು ಯಾರು ಅನ್ನೋದು ಆ್ಯಪ್‌ಗೆ ಹೇಗೆ ಗೊತ್ತಾಗುತ್ತೆ ನೋಡೋಣ.

[ಸ್ಕ್ರೀನ್: ಒಂದು ಕಡೆ ಆರ್ಡರ್ ಪುಟ, ಇನ್ನೊಂದು ಕಡೆ ರಿವ್ಯೂ. ನಡುವೆ ಒಂದು ಗೆರೆ.]

ತುಂಬ ಜನ, ಯಾರೋ ಕೂತು ಬಿಲ್ ನೋಡಿ ಗುರುತು ಹಾಕ್ತಾರೆ ಅಂದುಕೊಂಡಿದ್ದಾರೆ. ಹಾಗಲ್ಲ. ಅಮೆಜಾನ್, ಫ್ಲಿಪ್‌ಕಾರ್ಟ್ ಥರದ ಕಡೆ ಅಂಗಡಿಯೂ ಅವರದೇ, ರಿವ್ಯೂ ಬರೆಯುವ ಜಾಗವೂ ಅವರದೇ. ನೀವು ಆರ್ಡರ್ ಮಾಡಿದಾಗ ನಿಮ್ಮ ಖಾತೆ, ಆ ಸಾಮಾನಿನ ಲಿಸ್ಟಿಂಗ್ ನಂಬರ್ ಅಂದರೆ ಅದರ ಪುಟದ ನಂಬರ್, ಕೊಟ್ಟ ದುಡ್ಡು, ಕೊರಿಯರ್ ತಲುಪಿಸಿದ ದಿನ ಎಲ್ಲವೂ ಅವರ ದಾಖಲೆಯಲ್ಲಿ ಕೂರುತ್ತೆ. ನೀವು ರಿವ್ಯೂ ಬರೆದರೆ ಸಿಸ್ಟಮ್ ಕೇಳೋದು ಇಷ್ಟೇ: ಈ ಖಾತೆಯಿಂದ ಈ ಲಿಸ್ಟಿಂಗ್‌ಗೆ ಆರ್ಡರ್ ಆಗಿದೆಯಾ? ಆಗಿದ್ದರೆ ಗುರುತು ಬೀಳುತ್ತೆ. ಅಮೆಜಾನ್ ಇನ್ನೊಂದನ್ನೂ ನೋಡುತ್ತೆ: ಹೆಚ್ಚಿನ ಗ್ರಾಹಕರಿಗೆ ಸಿಗುವ ಬೆಲೆಯಲ್ಲೇ ಕೊಂಡಿದ್ದಾರಾ ಅಂತ. ಸಾವಿರ ರೂಪಾಯಿಯ ಸಾಮಾನನ್ನು ಕೂಪನ್ ಕೊಟ್ಟು ಹತ್ತು ರೂಪಾಯಿಗೆ ಹಂಚಿ ರಿವ್ಯೂ ಬರೆಸಿದರೆ ಗುರುತು ಸಿಗಬಾರದು ಅನ್ನೋದು ಅದರ ಉದ್ದೇಶ. ಫ್ಲಿಪ್‌ಕಾರ್ಟ್‌ನಲ್ಲಿ ಇದೇ ಗುರುತಿಗೆ ಸರ್ಟಿಫೈಡ್ ಬೈಯರ್ ಅಂತಾರೆ, ಪಕ್ಕದಲ್ಲಿ ಊರಿನ ಹೆಸರೂ ಇರುತ್ತೆ.

ಒಟಿಪಿ ಬೇರೆ, ಇದು ಬೇರೆ. ನಮ್ಮ ದೇಶದಲ್ಲಿ ಆನ್‌ಲೈನ್ ರಿವ್ಯೂಗಳಿಗೆ ಅಂತಲೇ ಒಂದು ಮಾನದಂಡ ಇದೆ, ಐಎಸ್ 19000:2022. 2022ರ ನವೆಂಬರ್‌ನಲ್ಲಿ ಬಂತು. ಅದರಲ್ಲಿ ರಿವ್ಯೂ ಬರೆದವರನ್ನು ಇಮೇಲ್, ಫೋನ್, ಲಿಂಕ್ ಇಂಥ ದಾರಿಗಳಲ್ಲಿ ಪರಿಶೀಲಿಸಬಹುದು ಅಂತ ಹೇಳಿದೆ. ಆದರೆ ಒಟಿಪಿ ಬಂತು ಅಂದರೆ ಆ ಫೋನ್ ಹಿಡಿದಿರೋ ಮನುಷ್ಯ ಒಬ್ಬ ಇದ್ದಾನೆ ಅಂತ ಮಾತ್ರ ಅರ್ಥ. ಅವನು ಕುಕ್ಕರ್ ಕೊಂಡಿದ್ದಾನೆ ಅಂತಲ್ಲ.

ಹಾಗಾದ್ರೆ ಆರ್ಡರ್ ದಾಖಲೆಗೆ ಯಾಕಿಷ್ಟು ತೂಕ? ಕೊಂಡವನು ಸತ್ಯವಂತ ಅಂತಲ್ಲ. ಸುಳ್ಳು ಹೇಳೋಕೆ ಖರ್ಚಾಗುತ್ತೆ ಅಂತ.

[ಸ್ಕ್ರೀನ್: ಬಿಳಿ ಬೋರ್ಡ್ ಮೇಲೆ ಪೆನ್ನಿನಲ್ಲಿ ಲೆಕ್ಕ]

ಬೋರ್ಡ್ ಮೇಲೆ ಲೆಕ್ಕ ಹಾಕೋಣ. ಅಂಕಿಗಳು ನಾನೇ ಹಾಕಿಕೊಂಡದ್ದು. ಒಬ್ಬ ಮಾರಾಟಗಾರ 800 ರೂಪಾಯಿಗೆ ಇಯರ್‌ಫೋನ್ ಮಾರ್ತಾನೆ. ಗುರುತಿಲ್ಲದ ಸುಳ್ಳು ರಿವ್ಯೂ ಬೇಕಂದ್ರೆ ಯಾವುದೋ ಖಾತೆಯಿಂದ ಬರೆಸಿದರೆ ಮುಗೀತು. ಗುರುತು ಬೇಕಂದ್ರೆ ಯಾರಾದರೂ ನಿಜವಾಗಿ ಆರ್ಡರ್ ಮಾಡಬೇಕು. ಆ ‘ಗ್ರಾಹಕ’ ಆ್ಯಪ್‌ಗೆ 800 ಕೊಡ್ತಾನೆ. ಆ್ಯಪ್ ತನ್ನ ಕಮಿಷನ್, ಕೊರಿಯರ್ ಸೇರಿ 200 ಹಿಡಿದು ಮಾರಾಟಗಾರನಿಗೆ 600 ಕೊಡುತ್ತೆ. ಮಾರಾಟಗಾರ ಗುಟ್ಟಾಗಿ ಗ್ರಾಹಕನಿಗೆ 800 ವಾಪಸ್ ಹಾಕ್ತಾನೆ, ಜನ ಹುಡುಕಿಕೊಟ್ಟ ಏಜೆಂಟ್‌ಗೆ 100. ಇಯರ್‌ಫೋನ್ ತಯಾರಿಗೆ ಬಿದ್ದ 250 ಕೂಡ ಹೋಯ್ತು. ಕೂಡಿ ಕಳೆದರೆ ಒಂದು ರಿವ್ಯೂಗೆ 550 ರೂಪಾಯಿ ಕೈಬಿಟ್ಟಿತು. ನೂರು ರಿವ್ಯೂಗೆ 55,000.

ಆ ಖರ್ಚೇ ಬೇಲಿ. ಬೇಲಿ ಕೆಲಸ ಮಾಡುತ್ತೆ ಅನ್ನೋದಕ್ಕೆ ನನಗೆ ತುಂಬ ಇಷ್ಟವಾದ ಅಧ್ಯಯನ ಒಂದಿದೆ. ಡಿನಾ ಮೇಜ್ಲಿನ್, ಯಾನಿವ್ ಡೋವರ್, ಜುಡಿತ್ ಶೆವಾಲಿಯರ್ ಅಂತ ಮೂವರು ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಹೋಟೆಲ್‌ಗಳನ್ನು ತಗೊಂಡರು. ಒಂದೇ ಹೋಟೆಲ್‌ಗೆ ಪ್ರವಾಸದ ಎರಡು ವೆಬ್‌ಸೈಟ್‌ಗಳಲ್ಲಿ ರಿವ್ಯೂ ಇರುತ್ತೆ. ಎಕ್ಸ್‌ಪೀಡಿಯಾದಲ್ಲಿ ಬರೆಯಬೇಕಂದ್ರೆ ಅಲ್ಲೇ ರೂಮ್ ಬುಕ್ ಮಾಡಿರಬೇಕು. ಟ್ರಿಪ್‌ಅಡ್ವೈಸರ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು. ಹೋಟೆಲ್ ಅದೇ, ಹಾಸಿಗೆ ಅದೇ, ಹಾಗಾಗಿ ಎರಡರ ನಡುವೆ ಕಾಣುವ ವ್ಯತ್ಯಾಸದಲ್ಲಿ ಏನೋ ಸಿಗುತ್ತೆ ಅಲ್ವಾ?

ಸಿಕ್ಕಿತು. ಒಬ್ಬರೇ ಮಾಲೀಕರು ನಡೆಸುವ ಸಣ್ಣ ಹೋಟೆಲ್‌ಗಳಿಗೆ, ಎಕ್ಸ್‌ಪೀಡಿಯಾಗೆ ಹೋಲಿಸಿದರೆ ಟ್ರಿಪ್‌ಅಡ್ವೈಸರ್‌ನಲ್ಲಿ 5 ಸ್ಟಾರ್ ಜಾಸ್ತಿ. ಇನ್ನೊಂದು ಸಂಗತಿ: ಅಂಥ ಹೋಟೆಲ್‌ನ ಅಕ್ಕಪಕ್ಕ ಇರುವ ಹೋಟೆಲ್‌ಗಳಿಗೆ ಟ್ರಿಪ್‌ಅಡ್ವೈಸರ್‌ನಲ್ಲಿ ಕೆಟ್ಟ ರಿವ್ಯೂ ಜಾಸ್ತಿ. ದೊಡ್ಡ ಕಂಪನಿಯ ಹೋಟೆಲ್ ಸಿಕ್ಕಿಬಿದ್ದರೆ ಊರೂರಿನ ಬ್ರಾಂಚ್‌ಗಳಿಗೆಲ್ಲ ಕೆಟ್ಟ ಹೆಸರು, ಹಾಗಾಗಿ ಅವು ಹುಷಾರು. ಸಣ್ಣವರಿಗೆ ಆ ಭಯ ಕಡಿಮೆ, ಆಸೆ ಜಾಸ್ತಿ. ಯಾವ ರಿವ್ಯೂ ಸುಳ್ಳು ಅಂತ ಒಂದನ್ನೂ ಬೊಟ್ಟು ಮಾಡದೆ, ಬೇಲಿ ಇಲ್ಲದ ಕಡೆ ಏನಾಗುತ್ತೆ ಅಂತ ತೋರಿಸಿಬಿಟ್ಟರು.

ಅದಕ್ಕೇ ಗುರುತಿನ ತೂಕ ಎಲ್ಲ ಕಡೆ ಒಂದೇ ಅಲ್ಲ. ಉಚಿತ ಆ್ಯಪ್‌ಗೆ ರಿವ್ಯೂ ಬರೆಯೋಕೆ ಇನ್‌ಸ್ಟಾಲ್ ಮಾಡಿದ್ದರೆ ಸಾಕು, ಒಂದು ಪೈಸೆ ಖರ್ಚಿಲ್ಲ. 40,000ದ ಫ್ರಿಜ್ ಪಕ್ಕದ ಗುರುತು ಭಾರ. 99 ರೂಪಾಯಿಯ ಚಾರ್ಜಿಂಗ್ ಕೇಬಲ್ ಪಕ್ಕದ್ದು ಹಗುರ.

ಹಾಗಂತ ಗುರುತಿಲ್ಲದ ರಿವ್ಯೂ ಎಲ್ಲ ಸುಳ್ಳು ಅಂತ ಅಲ್ಲ, ಇದನ್ನು ಒತ್ತಿ ಹೇಳ್ತೀನಿ. ಮಗ ಅಮೆರಿಕದಿಂದ ಆರ್ಡರ್ ಮಾಡಿ ಹಾಸನದ ಅಮ್ಮನಿಗೆ ಮಿಕ್ಸಿ ಕಳಿಸಿದ ಅಂದುಕೊಳ್ಳಿ. ದಿನಾ ಚಟ್ನಿ ರುಬ್ಬೋರು ಅಮ್ಮ. ಆರ್ಡರ್ ಇರೋದು ಮಗನ ಖಾತೆಯಲ್ಲಿ. ಅಮ್ಮ ತಮ್ಮ ಖಾತೆಯಿಂದ ಬರೆದರೆ ಗುರುತು ಬೀಳಲ್ಲ. ಅವರ ಮಾತು ಸತ್ಯವೇ, ದಾಖಲೆ ಮಾತ್ರ ಇಲ್ಲ.

[ಸ್ಕ್ರೀನ್: ಬಿಳಿ ಲಕೋಟೆಯಿಂದ ಮೇಜಿನ ಮೇಲೆ ಬೀಳುವ ಬೀಜಗಳು]

ಈಗ ಬೇಲಿ ಹಾರುವವರ ವಿಷಯ. 2020ರ ಬೇಸಿಗೆಯಲ್ಲಿ ಅಮೆರಿಕದ ಎಷ್ಟೋ ಮನೆಗಳಿಗೆ, ನಾವು ಆರ್ಡರ್ ಮಾಡಿಲ್ಲ ಅಂತ ಜನ ಹೇಳಿದ ಬೀಜದ ಪೊಟ್ಟಣಗಳು ಬಂದವು. ಹೆಚ್ಚಿನವುಗಳ ಮೇಲೆ ಚೀನಾದ ವಿಳಾಸ. ಜನ ಹೆದರಿದರು. ಅಲ್ಲಿನ ಕೃಷಿ ಇಲಾಖೆ, ಇದು ಬ್ರಶಿಂಗ್ ಇರಬಹುದು ಅಂತ ಹೇಳಿತು. ಬ್ರಶಿಂಗ್ ಅಂದರೆ, ಮಾರಾಟಗಾರ ಎಲ್ಲಿಂದಲೋ ನಿಮ್ಮ ಹೆಸರು, ವಿಳಾಸ ಸಂಪಾದಿಸ್ತಾನೆ. ನಿಮ್ಮ ಹೆಸರಲ್ಲಿ ಖಾತೆ ತೆರೆದು ತನ್ನ ಸಾಮಾನನ್ನು ತಾನೇ ಆರ್ಡರ್ ಮಾಡ್ತಾನೆ. ಸಿಸ್ಟಮ್‌ಗೆ ಡೆಲಿವರಿ ಆದ ದಾಖಲೆ ಬೇಕಲ್ಲ, ಅದಕ್ಕೆ ದುಬಾರಿ ಸಾಮಾನು ಕಳಿಸದೆ, ತೂಕವೇ ಇಲ್ಲದ ಏನನ್ನೋ ಲಕೋಟೆಗೆ ಹಾಕಿ ಕಳಿಸ್ತಾನೆ. ಕೊರಿಯರ್ ದಾಖಲೆಯಲ್ಲಿ ತಲುಪಿದೆ ಅಂತ ಬಂತು. ಇನ್ನು ‘ನೀವು’ ಬರೆದ 5 ಸ್ಟಾರ್‌ಗೆ ಗುರುತು ಗ್ಯಾರಂಟಿ. ಪೊಟ್ಟಣದೊಳಗೆ ಏನಿತ್ತು ಅಂತ ದಾಖಲೆಗೆ ಕಾಣಲ್ಲ.

ಎರಡನೇ ದಾರಿ ಬೋರ್ಡ್ ಮೇಲೆ ನೋಡಿದ್ದೇ, ದುಡ್ಡು ವಾಪಸ್. ಸಾಮಾಜಿಕ ಜಾಲತಾಣದ ಗುಂಪುಗಳಲ್ಲಿ ನಡೆಯುತ್ತೆ. 2022ರ ಜುಲೈನಲ್ಲಿ ಅಮೆಜಾನ್ 10,000ಕ್ಕೂ ಜಾಸ್ತಿ ಫೇಸ್‌ಬುಕ್ ಗುಂಪುಗಳ ಅಡ್ಮಿನ್‌ಗಳ ಮೇಲೆ ಕೇಸ್ ಹಾಕಿತು. ಇಲ್ಲಿ ಆರ್ಡರ್ ನಿಜ, ಮನುಷ್ಯ ನಿಜ, ಮನೆಗೆ ಸಾಮಾನು ಬಂದದ್ದೂ ನಿಜ. ವಾಪಸ್ ಬಂದ ದುಡ್ಡು ಮಾತ್ರ ಆ್ಯಪ್‌ನ ಹೊರಗಿನ ದಾರಿ ಹಿಡಿಯುತ್ತೆ. ಹಾಗಾಗಿ ಇದನ್ನು ಹಿಡಿಯೋಕೆ ಒಂದೊಂದೇ ಆರ್ಡರ್ ನೋಡಿದರೆ ಆಗಲ್ಲ, ನಂಟು ನೋಡಬೇಕು. ಒಬ್ಬರಿಗೊಬ್ಬರು ಪರಿಚಯವೇ ಇರಬಾರದ ನಲವತ್ತು ಖಾತೆಗಳು ಅದೇ ಆರು ಸಾಮಾನು ಕೊಂಡು, ಆರಕ್ಕೂ 5 ಸ್ಟಾರ್ ಕೊಟ್ಟಿದ್ದರೆ ಅದು ಕಾಕತಾಳೀಯ ಅಲ್ಲ. ಒಂದೇ ಫೋನಿನಿಂದ ಹಲವು ಖಾತೆ, ಒಂದೇ ಕಾರ್ಡ್, ಎರಡೇ ದಿನದಲ್ಲಿ ರಿವ್ಯೂಗಳ ಸುರಿಮಳೆ, ಇವೆಲ್ಲ ಸುಳಿವು.

[ಸ್ಕ್ರೀನ್: ಮತ್ತೆ ಗ್ಯಾಸ್ಕೆಟ್]

ಈಗ ಅಕ್ಕನ ಗ್ಯಾಸ್ಕೆಟ್. ರಿವ್ಯೂ ಅಂಟಿಕೊಂಡಿರೋದು ಸಾಮಾನಿಗಲ್ಲ, ಲಿಸ್ಟಿಂಗ್ ನಂಬರ್‌ಗೆ. ಚೆನ್ನಾಗಿ ಓಡಿದ ಮೊಬೈಲ್ ಕವರ್‌ನ ಪುಟ ಇದೆ ಅಂದುಕೊಳ್ಳಿ. ಮಾರಾಟಗಾರ ಅದರ ಫೋಟೊ, ಹೆಸರು, ವಿವರಣೆ ಬದಲಿಸ್ತಾನೆ. ಇಲ್ಲವೇ ಬಣ್ಣ, ಸೈಜ್ ಆರಿಸೋ ಜಾಗದಲ್ಲಿ ಬೇರೆಯದೇ ಸಾಮಾನನ್ನು ಸೇರಿಸ್ತಾನೆ. ಹಳೆಯ ಸ್ಟಾರ್‌ಗಳು ಹೊಸ ಸಾಮಾನಿನ ತಲೆ ಮೇಲೆ ಕೂರುತ್ತವೆ, ಗುರುತಿನ ಸಮೇತ. ಇದು ಸಣ್ಣಪುಟ್ಟವರ ಆಟ ಮಾತ್ರ ಅಲ್ಲ. ವಿಟಮಿನ್ ಮಾರುವ ಬೌಂಟಿಫುಲ್ ಅನ್ನೋ ಕಂಪನಿ ಅಮೆಜಾನ್‌ನಲ್ಲಿ ತನ್ನ ಹೊಸ ಸಾಮಾನುಗಳನ್ನು ಚೆನ್ನಾಗಿ ಓಡುತ್ತಿದ್ದ ಬೇರೆ ಸಾಮಾನುಗಳ ಜೊತೆ ಸೇರಿಸಿತ್ತು ಅಂತ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಆರೋಪ ಮಾಡಿತು. 2023ರಲ್ಲಿ ಆ ಕಂಪನಿ 6 ಲಕ್ಷ ಡಾಲರ್ ಕೊಡಬೇಕಾಯ್ತು.

ಇದನ್ನು ಪತ್ತೆ ಮಾಡೋದು ಸುಲಭ. ರಿವ್ಯೂಗಳನ್ನು ‘ಹೊಸದು ಮೊದಲು’ ಅಂತ ಜೋಡಿಸಿ. ಸ್ಟಾರ್ ಬಿಟ್ಟುಬಿಡಿ, ಸಾಮಾನಿನ ಹೆಸರು ಹುಡುಕಿ. ಜನ ಹಾಕಿದ ಫೋಟೊ ನೋಡಿ. ಪಾರ್ಸೆಲ್ ಒಳಗೆ ‘5 ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, ಕ್ಯಾಶ್‌ಬ್ಯಾಕ್ ಪಡೀರಿ’ ಅನ್ನೋ ಚೀಟಿ ಸಿಕ್ಕಿತು ಅಂತ ಯಾರಾದರೂ ಬರೆದಿದ್ದಾರಾ ನೋಡಿ. ನಿಮಗೇ ಸಿಕ್ಕರೆ ಫೋಟೊ ತೆಗೆದು ರಿಪೋರ್ಟ್ ಮಾಡಿ. ಆ್ಯಪ್‌ನ ದಾಖಲೆಗೆ ಕಾಣದ ವಿಷಯ ಅದೊಂದೇ ಚೀಟಿಯಲ್ಲಿ ಕಾಣುತ್ತೆ.

ಅಕ್ಕನಿಗೂ ಫೋನಲ್ಲೇ ಹೇಳಿದೆ, ಹೊಸದು ಮೊದಲು ಹಾಕು ಅಂತ. ಹಾಕಿದಳು. ಗ್ಯಾಸ್ಕೆಟ್ ಬಗ್ಗೆ ಇದ್ದದ್ದು ಮೂರೇ ರಿವ್ಯೂ. ಅದರಲ್ಲಿ ಒಂದು 2 ಸ್ಟಾರ್, ಗುರುತಿತ್ತು, ಜೊತೆಗೆ ಮುಚ್ಚಳದ ಫೋಟೊ: "5 ಲೀಟರ್ ಕುಕ್ಕರ್‌ಗೆ ಸಡಿಲ. ಒಂದು ವಾರಕ್ಕೆ ಆವಿ ಸೋರೋಕೆ ಶುರು."

"ನಂದೂ 5 ಲೀಟರೇ ಕಣೋ" ಅಂದಳು. ಹಳೆ ಗ್ಯಾಸ್ಕೆಟ್ ತೊಳೆದು, ಚೀಲಕ್ಕೆ ಹಾಕಿಕೊಂಡು, ಸಂಜೆ ಪಾತ್ರೆ ಅಂಗಡಿಗೆ ಹೋಗಿ ಅಳತೆ ಹೊಂದಿಸಿ ತಂದಳು.